ಮಲೆನಾಡಿನ ಮನೆಗೆ ಹೆಸರು, ಫಲಕ ಮತ್ತು ಕೊರಿಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಪೇಟೆಯ ಮನೆಗಳಿಗೆ ಅಡ್ಡರಸ್ತೆ, ಮನೆ ನಂಬರ್ ಎಲ್ಲ ಇದೆ. ಅಲ್ಲಿ ಮನೆ ಹೆಸರು ಒಂದು ಅಲಂಕಾರ ಅಷ್ಟೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಊರುಗಳಲ್ಲಿ ಹಾಗಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ತೋಟ, ಒಂದು ಹಳ್ಳ ದಾಟಬೇಕು. ಅಲ್ಲಿ ಮನೆಯ ಹೆಸರೇ ವಿಳಾಸ. ಈ ಪ್ರಶ್ನೋತ್ತರ ಅಂಥ ಒಂಟಿಮನೆ, ತೋಟದ ಮನೆಯವರಿಗಾಗಿ.

## ನಮ್ಮ ಮನೆಗೆ ಹಿಂದಿನಿಂದಲೂ ಒಂದು ಹೆಸರಿದೆ. ಹೊಸ ಹೆಸರು ಯಾಕೆ ಬೇಕು?

ಎಷ್ಟೋ ಮನೆಗಳಿಗೆ ಬೇಕಾಗಿಯೇ ಇಲ್ಲ. ಹಳೆ ಹೆಸರು ಅಪರೂಪದ್ದಾಗಿದ್ದರೆ ಅದನ್ನೇ ಫಲಕಕ್ಕೆ ಹಾಕಿ, ಕೆಲಸ ಮುಗಿಯಿತು. ಊರಿನವರ ಬಾಯಲ್ಲಿ ಈಗಾಗಲೇ ಇರುವ ಹೆಸರಿನಷ್ಟು ಗಟ್ಟಿ ಹೆಸರನ್ನು ನೀವು ಕೂತು ಕಟ್ಟಲಾರಿರಿ.

ತೊಂದರೆ ಬರುವುದು ಹಳೆ ಹೆಸರು ಎಲ್ಲ ಕಡೆಯೂ ಇದ್ದಾಗ. ಹೊಸಮನೆ, ಕೆಳಗಿನಮನೆ, ಮೇಲಿನಮನೆ, ದೊಡ್ಡಮನೆ, ಗುಡ್ಡೆಮನೆ. ಇವು ಹೆಚ್ಚುಕಮ್ಮಿ ಪ್ರತಿ ಊರಲ್ಲೂ ಇವೆ. ಕೊರಿಯರ್ ಹುಡುಗ ಅಂಗಡಿ ಮುಂದೆ ಬೈಕ್ ನಿಲ್ಲಿಸಿ "ಕೆಳಗಿನಮನೆ ಎಲ್ಲಿ ಬರುತ್ತೆ?" ಅಂತ ಕೇಳಿದರೆ "ಯಾವ ಕೆಳಗಿನಮನೆ ಮಾರಾಯ?" ಅನ್ನುವುದೇ ಉತ್ತರ.

ಇನ್ನೊಂದು ಸಂದರ್ಭ ಹಿಸ್ಸೆ ಆದ ಮೇಲೆ. ಅಣ್ಣ ಹಳೆ ಮನೆಯಲ್ಲಿ ಇರುತ್ತಾರೆ, ತಮ್ಮ ತೋಟದ ಆಚೆ ತುದಿಯಲ್ಲಿ ಹೊಸ ಮನೆ ಕಟ್ಟುತ್ತಾರೆ. ಇಬ್ಬರ ವಿಳಾಸದಲ್ಲೂ ಅದೇ ಮನೆ ಹೆಸರು. ಸಾಲದ್ದಕ್ಕೆ ಇಬ್ಬರ ಇನಿಷಿಯಲ್ಲೂ ಒಂದೇ. ತಮ್ಮನ ಪಂಪಿನ ಬಿಡಿಭಾಗ ಅಣ್ಣನ ಜಗಲಿಯಲ್ಲಿ ಬಿದ್ದಿರುತ್ತದೆ. ಅಣ್ಣತಮ್ಮ ಮಾತಾಡಿಕೊಂಡಿದ್ದರೆ ಪರವಾಗಿಲ್ಲ, ಮಾತು ಬಿಟ್ಟಿದ್ದರೆ ಅದು ಅಲ್ಲೇ ಬಿದ್ದಿರುತ್ತದೆ. ಇಂಥ ಕಡೆ ಹಳೆ ಹೆಸರು ಇಬ್ಬರಿಗೂ ಸೇರಿದ್ದು ಅಂತ ಬಿಡುವುದು ಒಳ್ಳೆಯದು. ಅದನ್ನು ಹಾಗೇ ಉಳಿಸಿಕೊಂಡು, ಅದರ ಮುಂದೆ ಒಬ್ಬೊಬ್ಬರು ಒಂದೊಂದು ಹೊಸ ಹೆಸರು ಸೇರಿಸಿಕೊಳ್ಳಲಿ.

## ಮನೆತನದ ಗುಣ ಹೇಳುವ ಹೆಸರು ಹುಡುಕುವುದು ಹೇಗೆ?

ಹೆಚ್ಚಿನವರು ಮೊದಲು ಹೋಗುವುದು ದೇವರ ಹೆಸರಿಗೆ, ಇಲ್ಲವೇ 'ಕೃಪಾ', 'ನಿಲಯ', 'ಅನುಗ್ರಹ'ಗಳಿಗೆ. ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಗುರುಕೃಪಾ ಅಂತ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ತೀರ್ಥಹಳ್ಳಿಯಲ್ಲಿ ಮನೆಗೆ 'ರಾಮೇಶ್ವರ' ಅಂತ ಇಟ್ಟರೆ, ಹೊಸ ಡೆಲಿವರಿ ಹುಡುಗ ತುಂಗಾ ತೀರದ ರಾಮೇಶ್ವರ ದೇವಸ್ಥಾನದ ಮುಂದೆ ನಿಂತು ಫೋನ್ ಮಾಡುತ್ತಾನೆ. ದೇವರ ಹೆಸರು ಬೇಕೇ ಬೇಕು ಅಂದರೆ ಅದನ್ನು ಬಾಗಿಲ ಮೇಲೆ ಬರೆಸಿ. ವಿಳಾಸದ ಹೆಸರು ಬೇರೆ ಇರಲಿ.

ಮೌಲ್ಯ ಅಂದ ಕೂಡಲೇ ಶಾಂತಿ, ಪ್ರೀತಿ, ಸತ್ಯ ಅಂತ ದೊಡ್ಡ ಮಾತಿಗೆ ಹೋಗಬೇಕಿಲ್ಲ. ಮನೆಯಲ್ಲಿ ದಿನಾ ನಡೆಯುವ ಯಾವ ಕೆಲಸದಲ್ಲಿ ಆ ಗುಣ ಕಾಣುತ್ತದೆ ಅಂತ ನೋಡಿ. ಬಂದವರನ್ನು ಸುಮ್ನೆ ಕಳಿಸದ ಮನೆಯಾದರೆ ಜಗಲಿ, ಬೆಲ್ಲ ನೀರು, ಬಚ್ಚಲ ಹಂಡೆ ಇವೆಲ್ಲ ಇವೆ. ದುಡಿಮೆಯ ಮನೆಯಾದರೆ ಅಡಿಕೆ ಅಂಗಳ, ಕಣ, ಕೊಟ್ಟಿಗೆ ಇವೆ. ಓದಿನ ಮನೆಯಾದರೆ ಅದಕ್ಕೂ ಇಂಥದ್ದೇ ಒಂದು ಮೂಲೆ ಇರುತ್ತದೆ. ಇಂಥ ಹೆಸರು ಬೇರೆ ಮನೆಗೆ ಇರುವುದು ಕಡಿಮೆ, ಕೇಳಿದವರಿಗೆ ಮರೆತೂ ಹೋಗುವುದಿಲ್ಲ.

ಇನ್ನೊಂದು ದಾರಿ ನೆಲದ್ದು. ನಿಮ್ಮ ಜಾಗದ ಒಂದೊಂದು ತುಂಡಿಗೂ ಹಿರಿಯರು ಹೆಸರಿಟ್ಟಿರುತ್ತಾರೆ. ಮಕ್ಕಿ, ಬೈಲು, ಹಕ್ಕಲು, ಬ್ಯಾಣ, ಕಾನು, ಹಡ್ಲು. ಮಳೆ ನಂಬಿದ ಮೇಲಿನ ಗದ್ದೆ ಮಕ್ಕಿ, ತಗ್ಗಿನ ಗದ್ದೆ ಬೈಲು, ತೋಟಕ್ಕೆ ಸೇರಿದ ಹುಲ್ಲುಗಾವಲು ಬ್ಯಾಣ. ಮನೆ ನಿಂತಿರುವ ತುಂಡಿನ ಹೆಸರೇನು ಅಂತ ಅಜ್ಜಿಯನ್ನೋ ಹಳೆ ಆಳನ್ನೋ ಕೇಳಿ. 'ನೇರಳೆಮಕ್ಕಿ', 'ದಾಲ್ಚಿನ್ನಿ ಬ್ಯಾಣ' ತರಹದ್ದು ಸಿಕ್ಕರೆ ಬಿಡಬೇಡಿ. ನೆಲವನ್ನು ನೆನಪಿಟ್ಟುಕೊಳ್ಳುವುದೂ ಒಂದು ಮೌಲ್ಯವೇ ಅಲ್ವಾ?

ಕುವೆಂಪು ಅವರ ಮೈಸೂರಿನ ಮನೆಗೆ 'ಉದಯರವಿ' ಅಂತ ಹೆಸರು. ಒತ್ತಕ್ಷರ ಒಂದೂ ಇಲ್ಲ, ಯಾರಿಗೆ ಹೇಳಿದರೂ ತಪ್ಪಿಲ್ಲದೆ ಬರೆಯುತ್ತಾರೆ.

## ಮಕ್ಕಳ ಹೆಸರಿನ ಮೊದಲ ಅಕ್ಷರ ಸೇರಿಸಿ ಇಡಬಹುದಾ?

ಇಡಬಹುದು. ಆದರೆ ಅಂಥ ಹೆಸರಿಗೆ ಅರ್ಥ ಇರುವುದಿಲ್ಲ. ಅರ್ಥವಿಲ್ಲದ ಹೆಸರನ್ನು ಫೋನಲ್ಲಿ ಕೇಳಿದವರು ತಮಗೆ ಗೊತ್ತಿರುವ ಯಾವುದೋ ಹೆಸರಿಗೆ ಹೊಂದಿಸಿಕೊಳ್ಳುತ್ತಾರೆ. ಮೂರನೇ ಮಗು ಹುಟ್ಟಿದರೆ ಏನು ಮಾಡುತ್ತೀರಿ ಅನ್ನುವುದು ಬೇರೆ ಮಾತು.

## ಕೊರಿಯರ್‌ಗೆ ಸುಲಭವಾದ ಹೆಸರು ಅಂದರೆ ಯಾವುದು? ಪರೀಕ್ಷೆ ಮಾಡುವುದು ಹೇಗೆ?

ಎರಡು ಪರೀಕ್ಷೆ ಸಾಕು. ಒಂದು ಫೋನ್, ಒಂದು ನಕ್ಷೆ.

ನೆಟ್‌ವರ್ಕ್ ಅರ್ಧಂಬರ್ಧ ಸಿಗುವ ಜಾಗದಲ್ಲಿ ನಿಂತು, ನಿಮ್ಮ ಊರಿನವರಲ್ಲದ ಒಬ್ಬರಿಗೆ ಫೋನ್ ಮಾಡಿ. ಹೆಸರನ್ನು ಒಂದೇ ಸಲ ಹೇಳಿ. ಬಿಡಿಸಿ ಹೇಳಬೇಡಿ. ಅವರು ಕೇಳಿಸಿಕೊಂಡಿದ್ದನ್ನು ಕನ್ನಡದಲ್ಲೂ ಇಂಗ್ಲಿಷಲ್ಲೂ ವಾಟ್ಸಾಪ್ ಮಾಡಲಿ. ಮಹಾಪ್ರಾಣ, ಒತ್ತು, ಉದ್ದ ಸಮಾಸ ಇರುವ ಹೆಸರುಗಳು ಇಲ್ಲೇ ಬೀಳುತ್ತವೆ. ಎರಡು, ಮೂರು ಅಥವಾ ನಾಲ್ಕು ಅಕ್ಷರದ, ಎಲ್ಲರಿಗೂ ಗೊತ್ತಿರುವ ಮಾತು ಉಳಿದುಕೊಳ್ಳುತ್ತದೆ. ಆ್ಯಪ್‌ನಲ್ಲಿ ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಜಾಸ್ತಿ ಇರುತ್ತದೆ. ಆ ಅಕ್ಷರದಲ್ಲಿ ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ. ಹಾಗಾಗಿ ಆ ವ್ಯತ್ಯಾಸದ ಮೇಲೆ ನಿಂತಿರುವ ಹೆಸರು ಬೇಡ.

ನಕ್ಷೆಯ ಪರೀಕ್ಷೆ ಇನ್ನೂ ಸುಲಭ. ಗೂಗಲ್ ಮ್ಯಾಪ್ಸ್‌ನಲ್ಲಿ ಹೆಸರಿನ ಜೊತೆ ತಾಲ್ಲೂಕು ಕೇಂದ್ರದ ಹೆಸರು ಹಾಕಿ ಹುಡುಕಿ. ಹೋಟೆಲ್, ಹೋಂಸ್ಟೇ, ಕಲ್ಯಾಣ ಮಂಟಪ ಏನಾದರೂ ಅದೇ ಹೆಸರಲ್ಲಿ ಬಂದರೆ ಬೇರೆ ಹೆಸರು ನೋಡಿ. ಡೆಲಿವರಿಯವರು ಹುಡುಕುವುದೂ ಅಲ್ಲೇ.

## ಒಂದು ಉದಾಹರಣೆ ಹೇಳಿ. ಶುರುವಿನಿಂದ ಕೊನೆವರೆಗೆ.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆ ಅಂದುಕೊಳ್ಳಿ. ಡಾಂಬರು ರಸ್ತೆಯಿಂದ ಒಳಗೆ ಮಣ್ಣಿನ ದಾರಿ. ಆ ದಾರಿ ಮುಂದೆ ಒಂದು ಕಡೆ ಕವಲೊಡೆಯುತ್ತದೆ. ಎಡಕ್ಕೆ ಅಣ್ಣನ ಮನೆ, ಬಲಕ್ಕೆ ತಮ್ಮನದು. ಎರಡಕ್ಕೂ 'ಕೆಳಗಿನಕೊಡಿಗೆ' ಅಂತಲೇ ಹೆಸರು. ಈಗ ತಮ್ಮನ ಮನೆಯವರಿಗೆ ಬೇರೆ ಹೆಸರು ಬೇಕು. ಅವರು ಹೇಳುವುದಿಷ್ಟು: "ನಮ್ಮಮ್ಮ ಬಂದವರಿಗೆ ಊಟ ಹಾಕದೆ ಕಳಿಸುತ್ತಿರಲಿಲ್ಲ. ಆ ನೆನಪು ಹೆಸರಲ್ಲಿ ಇರಬೇಕು."

ಮೊದಲ ಯೋಚನೆ 'ಅನ್ನಪೂರ್ಣ'. ಅರ್ಥ ಸರಿಯಾಗಿದೆ, ಆದರೆ ನಕ್ಷೆಯಲ್ಲಿ ಹುಡುಕಿದರೆ ಊಟದ ಹೋಟೆಲ್‌ಗಳೇ ಬರುತ್ತವೆ. ಜೊತೆಗೆ ಇಂಗ್ಲಿಷಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. 'ಆತಿಥ್ಯ' ಅಂದರು. ಫೋನಲ್ಲಿ ಅದು 'ಆದಿತ್ಯ' ಆಗಿಬಿಟ್ಟಿತು. 'ಜಗಲಿ' ಚೆನ್ನಾಗಿತ್ತು, ಹೇಳಲು ಸುಲಭ, ಆದರೆ ಅದು ಹೋಂಸ್ಟೇ ಇರಬೇಕು ಅಂತ ಕೇಳಿದವರಿಗೆಲ್ಲ ಅನಿಸಿತು. ಕೊನೆಗೆ ಉಳಿದದ್ದು 'ಬೆಲ್ಲನೀರು'. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಇಡುವುದು ನಮ್ಮ ಕಡೆಯ ರೂಢಿ. ಎರಡೂ ಮಾತು ಮಗುವಿಗೂ ಗೊತ್ತು. ಒಂದು ಒತ್ತು ಇದೆ ನಿಜ, ಆದರೆ 'ಲ್ಲ' ಯಾರೂ ತಪ್ಪು ಬರೆಯದ ಒತ್ತು. ನಕ್ಷೆಯಲ್ಲಿ ಆ ತಾಲ್ಲೂಕಿನಲ್ಲಿ ಬೇರೆ ಯಾವುದೂ ಬರಲಿಲ್ಲ.

ಇಂಗ್ಲಿಷ್ ಸ್ಪೆಲಿಂಗ್ `Bellaneeru` ಅಂತ ಗಟ್ಟಿ ಮಾಡಿಕೊಂಡರು. ಒಮ್ಮೆ `Bella Niru`, ಇನ್ನೊಮ್ಮೆ `Bellaneer` ಅಂತ ಬರೆಯುವುದು ಬೇಡ. ಮನೆಯ ಪ್ರತಿಯೊಬ್ಬರ ಫೋನಿನಲ್ಲೂ ಒಂದೇ ವಿಳಾಸ ಉಳಿಸಿಟ್ಟರು:

```
Bellaneeru House, Kelaginakodige
(village), (branch office) Post
Thirthahalli Taluk
Shivamogga Dist - 577432
```

ಮನೆ ಹೆಸರು ಮೊದಲ ಸಾಲಿನಲ್ಲೇ ಇರುವುದನ್ನು ಗಮನಿಸಿ. ಪಾರ್ಸೆಲ್ ಮೇಲಿನ ಚೀಟಿಯಲ್ಲಿ ಜಾಗ ಸಾಲದೆ ಕೊನೆಯ ಸಾಲುಗಳು ಕತ್ತರಿಸಿ ಹೋಗುವುದುಂಟು. ಹಳೆ ಹೆಸರು ಅದರ ಪಕ್ಕದಲ್ಲೇ ಇರಲಿ. ಅಂಚೆಯಣ್ಣನಿಗೆ, ಅಂಗಡಿಯವರಿಗೆ, ಬಸ್ಸಿನ ಕಂಡಕ್ಟರಿಗೆ ಗೊತ್ತಿರುವುದು ಅದೇ. ಹೊಸ ಹೆಸರು ಊರಲ್ಲಿ ಬೇರು ಬಿಡಲು ಒಂದೆರಡು ವರ್ಷ ಬೇಕು.

ಆವರಣದಲ್ಲಿ ಬರೆದ ಬ್ರಾಂಚ್ ಆಫೀಸ್ ಅಂದರೆ ನಿಮ್ಮ ಊರಿಗೆ ಟಪಾಲು ಬರುವ ಶಾಖಾ ಅಂಚೆ ಕಚೇರಿ. ಒಂದೇ ಪಿನ್ ಕೋಡಿನಲ್ಲಿ ಬೇಕಾದಷ್ಟು ಊರುಗಳು ಇರುತ್ತವೆ. ಪಿನ್ ಹಾಕಿದ ಕೂಡಲೇ ಆ್ಯಪ್ ತಾನಾಗಿ ಒಂದು ಊರು ತುಂಬಿಸುತ್ತದೆ, ಅದು ನಿಮ್ಮದಲ್ಲದೆ ಇರಬಹುದು. ಅದನ್ನು ಅಳಿಸಿ ಸರಿಯಾದ್ದನ್ನು ಹಾಕಿ.

## ಹೆಗ್ಗುರುತು ಕೇಳುವ ಕಡೆ ಏನು ಬರೆಯಬೇಕು?

ಹತ್ತು ವರ್ಷ ಕದಲದೆ ಇರುವುದನ್ನು. ಸರ್ಕಾರಿ ಶಾಲೆ, ಬಸ್ ತಂಗುದಾಣ, ಹಾಲಿನ ಡೈರಿ, ಸೇತುವೆ. ಹಲಸಿನ ಮರ ಗಾಳಿಗೆ ಬೀಳುತ್ತದೆ, ಅಂಗಡಿ ಕೈ ಬದಲಾಗುತ್ತದೆ. 'ತಿರುವು', 'ಏರು' ಅಂತ ಬರೆದರೆ ಮಲೆನಾಡಿನಲ್ಲಿ ಎಲ್ಲ ಕಡೆಯೂ ಅದೇ.

ಹೆಗ್ಗುರುತಿನಿಂದ ಎಷ್ಟು ದೂರ, ಯಾವ ಕೈಗೆ ಅನ್ನುವುದನ್ನೂ ಸೇರಿಸಿ. "ಶಾಲೆ ದಾಟಿ 400 ಮೀಟರ್, ಬಲಕ್ಕೆ ಬೆಲ್ಲನೀರು ಫಲಕ." ದೂರ ಅಂದಾಜಿಗೆ ಹೇಳಬೇಡಿ, ಬೈಕಿನ ಮೀಟರ್ ನೋಡಿ ಬರೆಯಿರಿ. ನಮ್ಮ ಕಡೆ "ಇಲ್ಲೇ ಹತ್ತಿರ" ಅಂದರೆ ಮೂರು ಕಿಲೋಮೀಟರ್ ಇದ್ದರೂ ಇರಬಹುದು.

## ಲೊಕೇಶನ್ ಕಳಿಸಿದರೆ ಸಾಕಲ್ಲ, ಹೆಸರು, ಫಲಕ ಎಲ್ಲ ಯಾಕೆ?

ನೆಟ್‌ವರ್ಕ್ ಇದ್ದರೆ ಸಾಕು. ಘಟ್ಟದ ಕಡೆ ಡಾಂಬರು ರಸ್ತೆ ಬಿಟ್ಟ ಕೂಡಲೇ ನಕ್ಷೆ ನಿಂತುಹೋಗುವ ಜಾಗಗಳು ಬಹಳ ಇವೆ. ನಕ್ಷೆ ತೋರಿಸುವ ದಾರಿ ಕೆಲವೊಮ್ಮೆ ಬೇರೆಯವರ ತೋಟದ ಕಾಲುದಾರಿ ಆಗಿರುತ್ತದೆ. ಕೊನೆಯ ಅರ್ಧ ಕಿಲೋಮೀಟರಿಗೆ ಫಲಕವೇ ಗತಿ.

ಆದರೂ ಲೊಕೇಶನ್ ಉಳಿಸಿಟ್ಟುಕೊಳ್ಳಿ. ಅಂಗಳದಲ್ಲಿ ನಿಂತು, ನಕ್ಷೆಯಲ್ಲಿ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಒಂದು ಪ್ಲಸ್ ಕೋಡ್ ಸಿಗುತ್ತದೆ. ಅದನ್ನು ವಿಳಾಸದ ಜೊತೆ ಬರೆಯಬಹುದು. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಒಂದೊಂದಕ್ಕೂ ಹತ್ತು ಅಕ್ಷರದ ಸಂಕೇತ ಕೊಟ್ಟಿದ್ದಾರೆ. ಇದು ಪಿನ್ ಕೋಡಿನ ಬದಲಿಗೆ ಅಲ್ಲ, ಜೊತೆಗೆ. ನಿಮ್ಮ ಮನೆ ಹೆಸರು ಬದಲಾದರೂ ಡಿಜಿಪಿನ್ ಬದಲಾಗುವುದಿಲ್ಲ, ಯಾಕೆಂದರೆ ಅದು ಜಾಗಕ್ಕೆ ಅಂಟಿದ್ದು. ಈ ಎರಡನ್ನೂ ಫೋನಲ್ಲಿ ಬಾಯಲ್ಲಿ ಹೇಳಲು ಹೋಗಬೇಡಿ, ಸಂದೇಶದಲ್ಲಿ ಕಳಿಸಿ.

## ಫಲಕ ಎಲ್ಲಿ ಹಾಕಬೇಕು?

ಹೆಚ್ಚಿನವರು ಮನೆಯ ಮುಂಬಾಗಿಲ ಪಕ್ಕ ಚೆಂದದ್ದೊಂದು ಹಾಕಿ ನಿಲ್ಲಿಸಿಬಿಡುತ್ತಾರೆ. ಮನೆ ಬಾಗಿಲಿಗೆ ಬಂದವನಿಗೆ ಫಲಕ ಬೇಕಿಲ್ಲ. ಬೇಕಿರುವುದು ಡಾಂಬರು ರಸ್ತೆಯಿಂದ ಒಳಗೆ ತಿರುಗುವ ಕಡೆ, ಆಮೇಲೆ ದಾರಿ ಕವಲೊಡೆಯುವ ಕಡೆ. ದುಡ್ಡು ಒಂದೇ ಫಲಕಕ್ಕೆ ಇದೆ ಅಂದರೆ ರಸ್ತೆಯ ತಿರುವಿಗೆ ಹಾಕಿ.

ರಸ್ತೆಗೆ ಸಮಾನಾಂತರವಾಗಿ, ಕಾಂಪೌಂಡಿನ ಗೋಡೆಗೆ ಹೊಡೆದ ಫಲಕ ಬೈಕಿನವನಿಗೆ ಎದುರಿಗೆ ಬಂದಾಗಲೇ ಕಾಣುವುದು, ಅಷ್ಟರಲ್ಲಿ ಅವನು ಮುಂದೆ ಹೋಗಿರುತ್ತಾನೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಓಡುತ್ತದೆ. ಅದಕ್ಕೇ ಫಲಕ ರಸ್ತೆಗೆ ಅಡ್ಡ ಮುಖವಾಗಿರಬೇಕು, ಎರಡೂ ಕಡೆ ಬರೆದಿರಬೇಕು.

ಎತ್ತರದ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ನೆಟ್ಟಾಗ ಸೊಂಟದೆತ್ತರ ಸಾಕು ಅನಿಸುತ್ತದೆ. ಮಳೆ ಹಿಡಿದ ಎರಡು ತಿಂಗಳಿಗೆ ಯುಪಟೋರಿಯಂ ಅದನ್ನು ನುಂಗಿರುತ್ತದೆ. ಫಲಕದ ಕೆಳ ಅಂಚು ನೆಲದಿಂದ ಐದು ಅಡಿ ಮೇಲಿರಲಿ.

ಕಂಬ ನಿಮ್ಮದೇ ಜಾಗದಲ್ಲಿ, ಬೇಲಿಯ ಒಳಗೆ ನಿಲ್ಲಬೇಕು. ರಸ್ತೆಯ ಅಂಚು ಪಂಚಾಯಿತಿಯದೋ ಲೋಕೋಪಯೋಗಿ ಇಲಾಖೆಯದೋ ಆಗಿರುತ್ತದೆ, ಅಗಲ ಮಾಡುವಾಗ ಮೊದಲು ಹೋಗುವುದೇ ಅಂಥ ಕಂಬಗಳು. ತಿರುವಿನ ಜಾಗ ಬೇರೆಯವರದಾದರೆ ಕೇಳಿ ಹಾಕಿ, ಅವರ ಮನೆ ಹೆಸರನ್ನೂ ಅದರಲ್ಲೇ ಒಂದು ಬಾಣದ ಜೊತೆ ಸೇರಿಸಿ. ಆಗ ಫಲಕಕ್ಕೆ ಕಾವಲೂ ಸಿಕ್ಕ ಹಾಗೆ. ಮರಕ್ಕೆ ಮೊಳೆ ಹೊಡೆಯಬೇಡಿ.

## ಅಕ್ಷರ ಎಷ್ಟು ದೊಡ್ಡದಿರಬೇಕು? ಕನ್ನಡವೋ ಇಂಗ್ಲಿಷೋ?

ಬೋರ್ಡ್ ಬರೆಯುವವರಲ್ಲಿ ಒಂದು ಲೆಕ್ಕ ಇದೆ. ಅಕ್ಷರದ ಎತ್ತರ ಒಂದು ಇಂಚಿದ್ದರೆ ಹತ್ತು ಅಡಿ ದೂರದಿಂದ ಆರಾಮಾಗಿ ಓದಬಹುದು. ಅಂದರೆ 40 ಅಡಿ ದೂರಕ್ಕೆ ನಾಲ್ಕು ಇಂಚು. ಆದರೆ ಕನ್ನಡದಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತದೆ. ದೂರದಿಂದ ಮೊದಲು ಕಾಣದಾಗುವುದು ಅದೇ. ಹೆಸರಲ್ಲಿ ಒತ್ತು ಜಾಸ್ತಿ ಇದ್ದರೆ ಅಕ್ಷರ ಇನ್ನೂ ದೊಡ್ಡದು ಮಾಡಬೇಕು. 'ಶ್ರೀಕೃಷ್ಣಾನುಗ್ರಹ' ಎರಡು ಅಡಿ ಫಲಕದಲ್ಲಿ ಕೂರುವುದೇ ಇಲ್ಲ, ಕೂರಿಸಿದರೆ ಇರುವೆ ಸಾಲಿನಂತೆ ಕಾಣುತ್ತದೆ.

ಕನ್ನಡ ಮೇಲೆ, ದೊಡ್ಡದಾಗಿ. ಕೆಳಗೆ ಇಂಗ್ಲಿಷ್, ನೀವು ಆ್ಯಪ್‌ನಲ್ಲಿ ಬಳಸುವ ಅದೇ ಸ್ಪೆಲಿಂಗ್. ಪಾರ್ಸೆಲ್ ಮೇಲಿರುವುದನ್ನು ಫಲಕದ ಮೇಲಿರುವುದಕ್ಕೆ ಹೋಲಿಸಿ ನೋಡಲು ಅವರಿಗೆ ಅದು ಬೇಕು. ತೆಳು ಬಣ್ಣದ ಮೇಲೆ ಕಡುಬಣ್ಣ, ಇಲ್ಲವೇ ಕಪ್ಪಿನ ಮೇಲೆ ಬಿಳಿ. ಹಸಿರು ಫಲಕ ತೋಟದ ಮುಂದೆ ಕಾಣುವುದೇ ಇಲ್ಲ.

ಸಂಖ್ಯಾಶಾಸ್ತ್ರದವರು ಇಂಗ್ಲಿಷ್ ಹೆಸರಿಗೆ ಒಂದು `a` ಅಥವಾ `h` ಜಾಸ್ತಿ ಸೇರಿಸಲು ಹೇಳಿದ್ದರೆ ಅದು ಬಾಗಿಲ ಫಲಕಕ್ಕೆ ಇರಲಿ, ರಸ್ತೆ ಫಲಕಕ್ಕೆ ಬೇಡ.

## ಫಲಕಕ್ಕೆ ಕಲ್ಲು, ಮರ, ಉಕ್ಕು ಯಾವುದು ಒಳ್ಳೆಯದು?

ಇಲ್ಲಿ ತೀರ್ಮಾನ ಮಾಡುವುದು ಮಳೆ. ಹಲಸು, ಸಾಗುವಾನಿ ಹಲಗೆಯಲ್ಲಿ ಕೆತ್ತಿದ ಫಲಕ ಜಗಲಿಯ ಸೂರಿನ ಕೆಳಗೆ ಹೇಳಿ ಮಾಡಿಸಿದ್ದು. ಅದನ್ನೇ ರಸ್ತೆ ತಿರುವಿನಲ್ಲಿ ಇಟ್ಟರೆ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ, ಜೋಡಿಸಿದ ಗೆರೆಯಲ್ಲಿ ಬಾಯಿ ಬಿಡುತ್ತದೆ. ಕಬ್ಬಿಣದ ತಗಡು ತುಕ್ಕು ಹಿಡಿಯುವುದು ನಡುವೆ ಅಲ್ಲ, ಸ್ಕ್ರೂ ಹಾಕಿದ ತೂತಿನಲ್ಲಿ ಮತ್ತು ಕತ್ತರಿಸಿದ ಅಂಚಿನಲ್ಲಿ. ಅಲ್ಲಿ ಬಣ್ಣದ ಕೆಳಗೆ ಕಂದು ಗೆರೆ ಕಂಡರೆ ಆ ವರ್ಷವೇ ಕೆರೆದು ಬಣ್ಣ ಹಚ್ಚಬೇಕು. ಸ್ಟಿಕರ್ ಅಂಟಿಸಿದ ಅಕ್ಷರಗಳು ಅಂಚಿನಿಂದ ಏಳುತ್ತವೆ, ಒಳಗೆ ಪಾಚಿ ಹೋಗುತ್ತದೆ.

ರಸ್ತೆ ಬದಿಗೆ ನನ್ನ ಆಯ್ಕೆ ಕರಿ ಗ್ರಾನೈಟ್, ಅಕ್ಷರ ಆಳವಾಗಿ ಕೆತ್ತಿ ಬಿಳಿ ಎನಾಮಲ್ ತುಂಬಿದ್ದು. ಬಣ್ಣ ಹೋದರೂ ಕೆತ್ತನೆ ಉಳಿಯುತ್ತದೆ, ಮತ್ತೆ ತುಂಬಬಹುದು. ಮಳೆಗಾಲ ಮುಗಿದ ಮೇಲೆ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಕಲ್ಲು ಭಾರ ಅನಿಸಿದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಅದಕ್ಕೆ ಸ್ಕ್ರೂ ಕೂಡ ಸ್ಟೇನ್‌ಲೆಸ್‌ದೇ ಇರಲಿ.

## ಕೆತ್ತುವವರು ಅಕ್ಷರ ತಪ್ಪು ಮಾಡದ ಹಾಗೆ ನೋಡಿಕೊಳ್ಳುವುದು ಹೇಗೆ?

ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಕನ್ನಡ ಯೂನಿಕೋಡ್. ಕೆತ್ತುವ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆ ಫಾಂಟ್ ಇದ್ದರೆ ಅಂಟಿಸಿದ ಕೂಡಲೇ ಅಕ್ಷರ ಒಡೆಯುತ್ತದೆ. ಒತ್ತು ಪಕ್ಕಕ್ಕೆ ಜರುಗುತ್ತದೆ, ದೀರ್ಘ ಬೇರೆಯಾಗಿ ನಿಲ್ಲುತ್ತದೆ, 'ಸೂರ್ಯ'ದ ಅರ್ಕಾವತ್ತು ಎಲ್ಲೋ ಹೋಗುತ್ತದೆ. ಆಗ ಅವರು ಮತ್ತೆ ಟೈಪ್ ಮಾಡುತ್ತಾರೆ, ತಪ್ಪು ನುಸುಳುವುದು ಅಲ್ಲಿ.

ಹಾಗಾಗಿ ಹೆಸರನ್ನು ಕಾಗದದ ಮೇಲೆ ದೊಡ್ಡದಾಗಿ ಕೈಯಲ್ಲಿ ಬರೆದು ಕೊಡಿ. ಕಲ್ಲಿಗೆ ಕೈ ಹಾಕುವ ಮೊದಲು ಅವರ ವಿನ್ಯಾಸವನ್ನು ಪೂರ್ತಿ ಅಳತೆಯಲ್ಲಿ ಪ್ರಿಂಟ್ ತೆಗೆಸಿ. ಅದನ್ನು ಗೋಡೆಗೆ ಅಂಟಿಸಿ, 40 ಅಡಿ ಹಿಂದೆ ಹೋಗಿ ನೋಡಿ. ಅಕ್ಷರ ಸರಿಯಿದೆಯೇ, ದೂರಕ್ಕೆ ಕಾಣುತ್ತದೆಯೇ ಎರಡೂ ಗೊತ್ತಾಗುತ್ತದೆ. ಮನೆಯವರಲ್ಲದ ಒಬ್ಬರಿಂದ ಓದಿಸಿ. ಮನೆಯವರು ಇರುವುದನ್ನು ಓದುವುದಿಲ್ಲ, ಗೊತ್ತಿರುವುದನ್ನು ಓದುತ್ತಾರೆ.

## ಪಂಚಾಯಿತಿಯಲ್ಲಿ ಹೆಸರು ನೋಂದಾಯಿಸಬೇಕಾ? ಆಧಾರ್, ಪಹಣಿ ಬದಲಿಸಬೇಕಾ?

ವಾಸದ ಮನೆಗೆ ಒಂದು ಹೆಸರಿಟ್ಟುಕೊಂಡ ಮಾತ್ರಕ್ಕೆ ದಾಖಲೆ ಯಾವುದೂ ಬದಲಾಗುವುದಿಲ್ಲ. ಪಹಣಿ ನಡೆಯುವುದು ಸರ್ವೆ ನಂಬರಿನ ಮೇಲೆ, ಮನೆ ಕಂದಾಯ ಪಂಚಾಯಿತಿಯ ಆಸ್ತಿ ಸಂಖ್ಯೆಯ ಮೇಲೆ, ಮೆಸ್ಕಾಂ ಬಿಲ್ಲು ಆರ್.ಆರ್. ನಂಬರಿನ ಮೇಲೆ. ಆಧಾರ್‌ನಲ್ಲಿ ಹಳೆ ಮನೆ ಹೆಸರೇ ಇದ್ದರೆ ಇರಲಿ. ಅದಕ್ಕೂ ಸೇರಿಯೇ ವಿಳಾಸದಲ್ಲಿ ಹಳೆ ಹೆಸರನ್ನು ಉಳಿಸಿಕೊಳ್ಳಿ ಅಂದದ್ದು. ಬ್ಯಾಂಕಿನ ಕಾರ್ಡ್ ತರುವವರು ಗುರುತಿನ ಚೀಟಿ ಕೇಳಿದರೆ ಎರಡೂ ತಾಳೆಯಾಗುತ್ತದೆ.

ಹೋಂಸ್ಟೇ ಅಥವಾ ಅಂಗಡಿ ಮಾಡುತ್ತೀರಿ ಅಂದರೆ ವಿಷಯ ಬೇರೆ. ಅದಕ್ಕೆ ಪರವಾನಗಿ ಬೇಕು, ವಾಣಿಜ್ಯ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮವೂ ಬರುತ್ತದೆ.

## ಮನೆ ತನಕ ಬರಲು ಕೊರಿಯರ್‌ನವರು ಒಪ್ಪುವುದೇ ಇಲ್ಲ. ಆಗ?

ಕೆಲವು ದಾರಿಗೆ ಮಳೆಗಾಲದಲ್ಲಿ ಬೈಕ್ ಇಳಿಯುವುದೇ ಇಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ರಸ್ತೆ ಬದಿಯ ಒಂದು ಅಂಗಡಿಯವರನ್ನೋ ಡೈರಿಯವರನ್ನೋ ಕೇಳಿ ಒಪ್ಪಿಸಿ, ಜೂನ್‌ನಿಂದ ಸೆಪ್ಟೆಂಬರ್ ತನಕ ವಿಳಾಸದ ಎರಡನೇ ಸಾಲಿಗೆ ಅವರ ಅಂಗಡಿಯ ಹೆಸರು ಸೇರಿಸಿ. ಮನೆ ಹೆಸರು ಮೊದಲ ಸಾಲಿನಲ್ಲಿ ಹಾಗೇ ಇರಲಿ. ಪಾರ್ಸೆಲ್ ರಾಶಿಯಲ್ಲಿ ನಿಮ್ಮದನ್ನು ಅವರು ಹೆಕ್ಕುವುದು ಅದನ್ನು ನೋಡಿಯೇ. ಹಣ ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್ ಮಾತ್ರ ಆ ತಿಂಗಳುಗಳಲ್ಲಿ ತರಿಸಬೇಡಿ, ಅಂಗಡಿಯವರು ನಿಮ್ಮ ಪರವಾಗಿ ದುಡ್ಡು ಹಾಕಬೇಕಾಗುತ್ತದೆ.